ಹೈಪಾಥಿಸಿಸ್ ಬಿತ್ತುವ ಮೊದಲು, ಅಬ್‌ಸ್ಟ್ರಾಕ್ಟ್ ಕಟಾವಾದ ಮೇಲೆ

"ನಾನು ಎಂ.ಎಸ್ಸಿ. ಅಗ್ರಿ ಮೊದಲ ವರ್ಷ, ರಾಗಿ ನಾಟಿ ಮೇಲೆ ಕೆಲಸ. ಗೈಡ್ ಹೈಪಾಥಿಸಿಸ್ ಬರೆದು ತಾ ಅಂದಿದ್ದಾರೆ. ಅದು, ಥೀಸಿಸ್, ಡಿಸರ್ಟೇಶನ್, ಅಬ್‌ಸ್ಟ್ರಾಕ್ಟ್ ಎಲ್ಲ ಒಂದೇನಾ?"

ಈ ಪ್ರಶ್ನೆಯ ಕೆಳಗೆ ಆಗಲೇ ಕೆಲವರು ಬರೆದಿದ್ದಾರೆ, ನನ್ನ ಉತ್ತರವೂ ಒಂದು ಇರಲಿ. ಒಂದೇ ಅಲ್ಲ ತಮ್ಮಾ. ಒಂದೊಂದಕ್ಕೂ ಒಂದೊಂದು ಹೊತ್ತು.

ಹೈಪಾಥಿಸಿಸ್ ಬಿತ್ತುವ ಮೊದಲೇ ಬರೆದಿಡುವಂಥದ್ದು. ಮೇಲೆ ಒಬ್ಬರು ಅದು ಬರೀ ಊಹೆ ಅಂದಿದ್ದಾರೆ, ಅರ್ಧ ಸರಿ. ಊಹೆಯೇ, ಆದರೆ ಹೊಲದಲ್ಲಿ ಸುಳ್ಳಾಗಬಹುದಾದ ಊಹೆ ಆಗಿರಬೇಕು. 'ನಾಟಿ ಮಾಡಿದ ರಾಗಿ ಒಳ್ಳೆಯದು' ಅಂತ ಬರೆದರೆ ಅದನ್ನು ಯಾರೂ ಸುಳ್ಳು ಮಾಡಲಾರರು. ಯಾವುದಕ್ಕಿಂತ ಒಳ್ಳೆಯದು, ಎಣಿಸುವುದೇನನ್ನು? ಹೀಗೆ ಬರೆಯಿರಿ: 'ತಳಿ, ಅಂತರ, ಗೊಬ್ಬರ ಎಲ್ಲ ಒಂದೇ ಇದ್ದರೂ, ಕೂರಿಗೆಯಲ್ಲಿ ಬಿತ್ತಿದ ರಾಗಿಗಿಂತ ನಾಟಿ ಮಾಡಿದ ರಾಗಿಯಲ್ಲಿ ಗಿಡಕ್ಕೆ ಬುಡದಿಂದ ಒಡೆಯುವ ತೆಂಡೆ ಜಾಸ್ತಿ.' ಅಂತರ ಒಂದೇ ಅಂದಿದ್ದನ್ನು ಗಮನಿಸಿ. ನಾಟಿ ಮಾಡುವಾಗ ನಾವು ಸುಮ್ನೆ ಅಗಲ ಬಿಟ್ಟುಬಿಡುತ್ತೇವೆ, ಆಮೇಲೆ ತೆಂಡೆ ಜಾಸ್ತಿ ಬಂದರೆ ಅದು ನಾಟಿಯಿಂದಲೋ ಅಗಲದಿಂದಲೋ ದೇವರೇ ಹೇಳಬೇಕು.

ಲೆಕ್ಕ ಹಾಕುವಾಗ ಇದನ್ನು ತಿರುಗಿಸುತ್ತಾರೆ. ಎರಡಕ್ಕೂ ವ್ಯತ್ಯಾಸವೇ ಇಲ್ಲ ಅನ್ನುವುದು ನಲ್ ಹೈಪಾಥಿಸಿಸ್, ಪರೀಕ್ಷೆ ಅದಕ್ಕೇ. ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆಯೇ ಪಿ ವ್ಯಾಲ್ಯೂ. ಅದು 0.05ಕ್ಕಿಂತ ಜಾಸ್ತಿ ಬಂತು ಅಂದಕೂಡಲೇ 'ಎರಡೂ ಸಮ' ಅಂತ ಬರೆಯಬೇಡಿ. ವ್ಯತ್ಯಾಸ ಕಂಡಿಲ್ಲ, ಅಷ್ಟೇ. ಒಂದೊಂದು ವಿಧಾನವನ್ನೂ ಮೂರೇ ಪ್ಲಾಟಿನಲ್ಲಿ ಮಾಡಿ ಮೂರೇ ರೆಪ್ಲಿಕೇಶನ್ ಇದ್ದರೆ ಸಣ್ಣ ವ್ಯತ್ಯಾಸ ಇದ್ದರೂ ಕಾಣದೆ ಹೋಗಬಹುದು.

ಥೀಸಿಸ್‌ಗೆ ಎರಡು ಅರ್ಥ. ತೆಂಡೆ ಎಣಿಸಿ, ತೆನೆ ತೂಗಿ, ಕೊನೆಗೆ ವೈವಾದಲ್ಲಿ ನೀವು ಬಿಟ್ಟುಕೊಡದೆ ಸಮರ್ಥಿಸುವ ಮಾತು ಒಂದು. ಆ ಮಾತು ಇರುವ ಬೈಂಡ್ ಮಾಡಿದ ಪುಸ್ತಕ ಇನ್ನೊಂದು. ಡಿಸರ್ಟೇಶನ್ ಕೂಡ ಪುಸ್ತಕವೇ. ಅಮೆರಿಕದಲ್ಲಿ ಸಾಮಾನ್ಯವಾಗಿ ಮಾಸ್ಟರ್ಸ್‌ಗೆ ಥೀಸಿಸ್, ಪಿಎಚ್.ಡಿ.ಗೆ ಡಿಸರ್ಟೇಶನ್ ಅನ್ನುತ್ತಾರೆ, ಬ್ರಿಟನ್ನಿನಲ್ಲಿ ಉಲ್ಟಾ. ನಮ್ಮಲ್ಲಿ ಎರಡೂ ಓಡುತ್ತದೆ. ಇಲ್ಲಿ ಒಬ್ಬ ಅಕ್ಕ 'ನಾನು ಎಂ.ಎ.ಗೆ ಬರೆದದ್ದು ಡಿಸರ್ಟೇಶನ್, ಅದೇ ಸರಿ' ಅಂದಿದ್ದಾರಲ್ಲ, ಅವರಿಗೆ ಅದು ಸರಿ. ರಟ್ಟಿನ ಮೇಲೆ ಏನು ಅಚ್ಚಾಗಬೇಕು ಅನ್ನುವುದನ್ನು ನಿಮ್ಮ ವಿಶ್ವವಿದ್ಯಾಲಯದ ನಮೂನೆ ನೋಡಿ.

ಅಬ್‌ಸ್ಟ್ರಾಕ್ಟ್ ಅಂದರೆ ಇಡೀ ಕೆಲಸದ ಸಾರಾಂಶ. ಪುಸ್ತಕದಲ್ಲಿ ಮೊದಲು ಬರುತ್ತದೆ, ಬರೆಯುವುದು ಕೊನೆಗೆ. ಏನು ಕೇಳಿದಿರಿ, ಹೇಗೆ ಮಾಡಿದಿರಿ, ಎಷ್ಟು ಬಂತು, ಅದರಿಂದ ಏನು ತಿಳಿಯಿತು, ಇಷ್ಟು ಸಾಕು. ನಾನು ಅವಸರದಲ್ಲಿ ಮೊದಲೇ ಬರೆದಿಟ್ಟಿದ್ದೆ. ಆಮೇಲೆ ಒಂದು ಪ್ಲಾಟಿನ ತೂಕ ತಪ್ಪಿದ್ದು ಗೊತ್ತಾಗಿ ಟೇಬಲ್ ತಿದ್ದಿದೆ, ಅಬ್‌ಸ್ಟ್ರಾಕ್ಟ್ ಮರೆತೆ. ಪರೀಕ್ಷಕರು ಎರಡು ಪುಟ ಪಕ್ಕಪಕ್ಕ ಇಟ್ಟು "ಇದರಲ್ಲಿ ಯಾವುದು ನಿಜ?" ಅಂದರು. ಬೆವರು ಇಳಿಯಿತು.

ನಾಟಿಗೆ ಯಾವ ರಾಗಿ ಬೀಜ ಒಳ್ಳೆಯದು ಅಂತ ಇಲ್ಲೇ ಕೇಳಿರುವ ಅಣ್ಣಾ, ಇವರಿನ್ನೂ ಬಿತ್ತೇ ಇಲ್ಲ, ಕಟಾವಾದ ಮೇಲೆ ಕೇಳೋಣ.