ಎಂಐ ನೋಟ್ಸ್‌ನಲ್ಲಿ ಸಾರ್ಬಿಟ್ರೇಟ್‌ಗಿಂತ ಮೊದಲು V4R ಬರಲಿ

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಓದ್ತಿದ್ದೀನಿ. ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್‌ಗೆ ನೋಟ್ಸ್ ಮಾಡ್ಕೋಬೇಕು. ಎದೆನೋವಿನ ಅಸೆಸ್‌ಮೆಂಟ್, ಇಸಿಜಿ ಬದಲಾವಣೆ, ಕಾರ್ಡಿಯಾಕ್ ರಿಹ್ಯಾಬ್ ಟೀಚಿಂಗ್, ಮೂರಕ್ಕೂ ಬಾಯಿಪಾಠ ಮಾಡೋ ಹಾಗೆ ಒಂದು ಟೇಬಲ್ ಇದ್ರೆ ಕೊಡಿ. ಯಾವ ಲೀಡ್ ಯಾವ ಗೋಡೆ ಅನ್ನೋದೇ ನೆನಪಿರಲ್ಲ.

ಈ ಟೇಬಲ್ ನನ್ನ ನೋಟ್‌ಬುಕ್ಕಿನಲ್ಲೂ ಇತ್ತು. ಪರೀಕ್ಷೆಗೆ ಸಾಕಾಗುತ್ತೆ, ಕ್ಯಾಷುವಾಲಿಟಿಗೆ ಸಾಕಾಗಲ್ಲ. ಅದರಲ್ಲಿ ಮೂರು ವಿಷಯ ಮೂರು ಕಾಲಮ್ಮಿನಲ್ಲಿ ಕೂತಿರುತ್ತವೆ, ರೋಗಿಯಲ್ಲಿ ಮೂರೂ ಒಂದಕ್ಕೊಂದು ಗಂಟು ಹಾಕಿಕೊಂಡಿರುತ್ತವೆ. ಆದ್ದರಿಂದ ಟೇಬಲ್ ಕೊಡಲ್ಲ, ಒಂದು ಕೇಸ್ ಕೊಡ್ತೀನಿ. ನೋಟ್ಸನ್ನು ಅದರ ಸುತ್ತ ಬರೆದುಕೊಳ್ಳಿ.

ಐವತ್ತಾರು ವರ್ಷದ ಕೃಷಿಕ, ಸಕ್ಕರೆ ಕಾಯಿಲೆ ಇದೆ. ಸಣ್ಣದೊಂದು ಆಸ್ಪತ್ರೆಯಿಂದ ರೆಫರ್ ಆಗಿ ಬಂದರು. ಚೀಟಿಯಲ್ಲಿ "ಎದೆನೋವು, ಬೆಳಗ್ಗಿನಿಂದ, ಸಾರ್ಬಿಟ್ರೇಟ್ 5 ಮಿ.ಗ್ರಾಂ ನಾಲಿಗೆ ಕೆಳಗೆ ಕೊಟ್ಟಿದೆ" ಅಂತ ಬರೆದಿತ್ತು. ಮಾತ್ರೆ ಕೊಡುವ ಮೊದಲು ಬಿಪಿ 118/70 ಇತ್ತು. ನಮ್ಮ ಹಾಸಿಗೆಗೆ ಬಂದಾಗ 74/40, ನಾಡಿ 52. ಮೈಯೆಲ್ಲ ತಣ್ಣಗಿನ ಬೆವರು.

"ನೋವಿದೆಯಾ" ಅಂತ ಕೇಳಿದರೆ ಅವರ ಉತ್ತರ "ಇಲ್ಲ, ಗ್ಯಾಸ್ಟ್ರಿಕ್ಕು". ಸಕ್ಕರೆ ಕಾಯಿಲೆಯವರು, ಹೆಂಗಸರು, ವಯಸ್ಸಾದವರು ನೋವು ಅನ್ನುವ ಮಾತನ್ನೇ ಆಡದೆ ಇರಬಹುದು. ಸುಸ್ತು, ಉಬ್ಬಸ, ವಾಕರಿಕೆ, ಬೆವರು ಇಷ್ಟರಲ್ಲೇ ಮುಗಿಯಬಹುದು. ಅದಕ್ಕೆ ನೋವಿನ ಅಸೆಸ್‌ಮೆಂಟಿನ ಪಿಕ್ಯೂಆರ್‌ಎಸ್‌ಟಿ ಅನ್ನೋ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಬರೆದಿಟ್ಟರೆ ಸಾಲದು, ಬಾಯಲ್ಲಿ ಕೇಳುವ ಪ್ರಶ್ನೆಯಾಗಿ ಬರೆದುಕೊಳ್ಳಿ. ಎದೆ ಹಿಡಿದ ಹಾಗಿದೆಯಾ, ಭಾರ ಇಟ್ಟ ಹಾಗಿದೆಯಾ, ಉರಿಯಾ? ದವಡೆ, ಭುಜ, ಬೆನ್ನಿಗೆ ಹೋಗುತ್ತಾ, ಕೈ ಜೋಮು ಹಿಡಿಯುತ್ತಾ? ಉಸಿರು ಜೋರಾಗಿ ಎಳೆದರೆ, ಒತ್ತಿದರೆ, ಮಗ್ಗಲು ಬದಲಿಸಿದರೆ ಹೆಚ್ಚಾಗುತ್ತಾ? ಹೀಗೆ ಹೆಚ್ಚುಕಮ್ಮಿ ಆಗುವ ನೋವು ಹೃದಯದ್ದಾಗಿರುವ ಸಾಧ್ಯತೆ ಕಡಿಮೆ, ಆದರೆ ಅಷ್ಟನ್ನೇ ನಂಬಿ ಇಸಿಜಿ ಬಿಡಬಾರದು. ಸೊನ್ನೆಯಿಂದ ಹತ್ತರ ಅಂಕ ಕೊಡಿ ಅಂದರೆ ಬಹಳ ಜನಕ್ಕೆ ಅರ್ಥ ಆಗಲ್ಲ. "ರೂಪಾಯಿಗೆ ಎಷ್ಟಾಣೆ ಕಮ್ಮಿ ಆಯ್ತು" ಅಂತ ಕೇಳಿದರೆ ಹಿರಿಯರು ಥಟ್ಟನೆ ಹೇಳ್ತಾರೆ. ಅವರ ಮಾತನ್ನೇ ಚಾರ್ಟಿನಲ್ಲಿ ಬರೆಯಿರಿ.

ಇವೆಲ್ಲಕ್ಕಿಂತ ಮುಖ್ಯ, ನೋವು ಶುರುವಾದ ಹೊತ್ತು. ಕ್ಲಾಟ್ ಕರಗಿಸುವ ಇಂಜೆಕ್ಷನ್ ಕೊಡೋದು 12 ಗಂಟೆಯ ಒಳಗೆ, ಬೇಗ ಕೊಟ್ಟಷ್ಟೂ ಲಾಭ. "ಬೆಳಗ್ಗಿನಿಂದ" ಅನ್ನೋದರಿಂದ ಡಾಕ್ಟರಿಗೆ ಏನೂ ತಿಳಿಯಲ್ಲ. ಹಾಲು ಕರೆಯುವಾಗ ಇತ್ತಾ, ತಿಂಡಿ ತಿನ್ನುವಾಗ ಇತ್ತಾ ಅಂತ ಕೇಳಿದಾಗ ಇವರಿಂದ ಬಂದದ್ದು ಎರಡು ಹೊತ್ತು: ಐದೂಮುಕ್ಕಾಲಿಗೆ ಒಮ್ಮೆ ಬಂದು ಹೋಗಿದೆ, ಏಳೂಕಾಲಿಗೆ ಬಂದದ್ದು ಬಿಟ್ಟಿಲ್ಲ. ಎರಡನ್ನೂ ಬರೆಯಿರಿ, ಬಿಡದೆ ನಿಂತ ನೋವು ಯಾವುದು ಅಂತ ಗುರುತು ಹಾಕಿ. ಜೊತೆಗೆ ಏನೇನು ಮಾತ್ರೆ ನುಂಗಿದ್ದಾರೆ ಅಂತಲೂ ಕೇಳಿ. ಪಕ್ಕದ ಮನೆಯವರು ಕೊಟ್ಟ ಮಾತ್ರೆಯೂ ಲೆಕ್ಕಕ್ಕೆ. ಗಂಡಸರಾದರೆ ಸಂಬಂಧಿಕರನ್ನು ಆಚೆ ಕಳಿಸಿ ಸಿಲ್ಡೆನಾಫಿಲ್ ಬಗ್ಗೆ ಕೇಳಿ: ಅದನ್ನು ತೆಗೆದುಕೊಂಡು 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಆಗೋವರೆಗೆ ಸಾರ್ಬಿಟ್ರೇಟ್ ಜಾತಿಯ ಯಾವ ಔಷಧಿಯೂ ಕೂಡದು.

ರೋಗಿ ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಈ ಪ್ರಶ್ನೆಗಳು ಲೀಡ್ ಹಾಕುತ್ತಲೇ ನಡೆಯಬೇಕು. ಇವರ ಪಟ್ಟಿಯಲ್ಲಿ III ರಲ್ಲಿ ಎಸ್‌ಟಿ ಮೂರು ಸಣ್ಣ ಚೌಕ ಮೇಲೆದ್ದಿತ್ತು, II ರಲ್ಲಿ ಎರಡು, aVF ನಲ್ಲೂ ಎರಡು. aVL ನಲ್ಲಿ ಎಸ್‌ಟಿ ಕೆಳಗೆ ಬಿದ್ದಿತ್ತು. ಲೀಡ್‌ಗಳನ್ನು ನೆನಪಿಡೋಕೆ ಸಾಲು ಉರುಹೊಡೆಯಬೇಡಿ, ಯಾವ ಲೀಡ್ ಯಾವ ಕಡೆಯಿಂದ ನೋಡುತ್ತೆ ಅಂತ ಯೋಚಿಸಿ. II, III, aVF ಈ ಮೂರೂ ಕಾಲಿನ ಕಡೆಯಿಂದ ಮೇಲಕ್ಕೆ ನೋಡುತ್ತವೆ, ಹಾಗಾಗಿ ಹೃದಯದ ಕೆಳಗೋಡೆ ಇವಕ್ಕೆ ಕಾಣುತ್ತೆ. aVL ಎಡಭುಜದ ಕಡೆಯಿಂದ, ಅಂದರೆ ಹೆಚ್ಚುಕಮ್ಮಿ ಎದುರು ದಿಕ್ಕಿನಿಂದ ನೋಡುವುದರಿಂದ ಅಲ್ಲಿ ಎಲ್ಲ ತಲೆಕೆಳಗು. ಎದೆ ಮೇಲಿನ V1 ರಿಂದ V4 ಮುಂದಿನ ಗೋಡೆಗೆ. I, aVL, V5, V6 ಪಕ್ಕದ ಗೋಡೆಗೆ. ಅಕ್ಕಪಕ್ಕದ ಎರಡು ಲೀಡ್‌ನಲ್ಲಿ ಎಸ್‌ಟಿ ಒಂದು ಮಿ.ಮೀ., ಅಂದರೆ ಒಂದು ಸಣ್ಣ ಚೌಕ ಏರಿದ್ದರೆ ಸ್ಟೆಮಿ ಅಂತ ಹಿಡಿಯೋದು. V2, V3 ಮಾತ್ರ ಬೇರೆ: ನಲವತ್ತು ದಾಟಿದ ಗಂಡಸರಿಗೆ 2, ಅದಕ್ಕಿಂತ ಚಿಕ್ಕವರಿಗೆ 2.5, ಹೆಂಗಸರಿಗೆ 1.5.

ಬದಲಾವಣೆಗಳು ಬರುವ ಕ್ರಮವೂ ಒಂದು ಗಡಿಯಾರವೇ. ಮೊದಲು ಟಿ ಅಲೆ ದಪ್ಪಗೆ, ಎತ್ತರಕ್ಕೆ ಏಳುತ್ತೆ. ಆಮೇಲೆ ಎಸ್‌ಟಿ ಏರುತ್ತೆ. ಗಂಟೆಗಳು ಕಳೆದಂತೆ ಕ್ಯೂ ಅಲೆ ಮೂಡಿ, ಟಿ ತಲೆಕೆಳಗಾಗುತ್ತೆ. ಎಸ್‌ಟಿ ಮೆಲ್ಲಗೆ ಗೆರೆಗೆ ಇಳಿದರೂ ಕ್ಯೂ ಸಾಮಾನ್ಯವಾಗಿ ಉಳಿದುಬಿಡುತ್ತೆ. ಮೊದಲ ಪಟ್ಟಿ ಚೆನ್ನಾಗಿದೆ ಅಂತ ಮನೆಗೆ ಕಳಿಸುವ ಹಾಗಿಲ್ಲ. ನೋವು ಮುಂದುವರಿದರೆ ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಮತ್ತೆ ತೆಗೆಯಿರಿ.

ಇನ್ನು ನಿಮ್ಮ ಟೇಬಲ್ಲಿನಲ್ಲಿ ಇಲ್ಲದ ವಿಷಯಕ್ಕೆ ಬರೋಣ. ಎದೆನೋವು ಅಂದ ಕೂಡಲೇ ಸಾರ್ಬಿಟ್ರೇಟ್ ಇಡೋದು ಹಲವು ಕಡೆ ಕೈಗೆ ಹತ್ತಿದ ಅಭ್ಯಾಸ, ಯಾರೂ ಯೋಚಿಸಲ್ಲ. ಕೆಳಗೋಡೆಯ ಎಂಐ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗಾದರೂ ಬಲ ವೆಂಟ್ರಿಕಲ್ಲಿಗೂ ಪೆಟ್ಟಾಗಿರುತ್ತೆ, ಯಾಕೆಂದರೆ ಬಹಳ ಜನರಲ್ಲಿ ಎರಡಕ್ಕೂ ರಕ್ತ ಕೊಡೋದು ಒಂದೇ ಬಲ ಕೊರೊನರಿ. ಪೆಟ್ಟು ತಿಂದ ಬಲ ವೆಂಟ್ರಿಕಲ್ ತಾನಾಗಿ ಜೋರಾಗಿ ತಳ್ಳಲಾರದು. ಹಿಂದಿನಿಂದ ವೇನ್‌ಗಳ ರಕ್ತ ತುಂಬಿ ಒತ್ತುತ್ತಿದ್ದರೆ ಮಾತ್ರ ಶ್ವಾಸಕೋಶ ದಾಟಿ ಎಡಭಾಗಕ್ಕೆ ರಕ್ತ ಸೇರುತ್ತೆ. ಸಾರ್ಬಿಟ್ರೇಟ್ ಮಾಡೋದು ವೇನ್‌ಗಳನ್ನು ಅಗಲಿಸುವ ಕೆಲಸ. ರಕ್ತ ಕೈಕಾಲು, ಹೊಟ್ಟೆಯಲ್ಲೇ ನಿಲ್ಲುತ್ತೆ, ಬಲಕ್ಕೆ ತುಂಬಲ್ಲ, ಎಡಕ್ಕೆ ಬರಲ್ಲ, ಬಿಪಿ ಕುಸಿಯುತ್ತೆ. ಇವರಿಗೆ ಆದದ್ದು ಅದೇ. ಲ್ಯಾಸಿಕ್ಸ್ ಕೊಟ್ಟರೂ ಇದೇ ಗತಿ, ಮಾರ್ಫಿನ್‌ಗೂ ಎಚ್ಚರ ಬೇಕು.

ಕಂಡುಹಿಡಿಯೋದು ಒಂದು ನಿಮಿಷದ ಕೆಲಸ. V4 ಎಲೆಕ್ಟ್ರೋಡನ್ನು ಕಿತ್ತು ಬಲ ಎದೆಗೆ ಹಾಕಿ: ಐದನೇ ಪಕ್ಕೆಲುಬಿನ ಸಂದು, ಕಾಲರ್ ಬೋನಿನ ನಡುವಿನಿಂದ ನೇರ ಕೆಳಗೆ. ಇನ್ನೊಂದು ಪಟ್ಟಿ ತೆಗೆಯಿರಿ. ಮೆಷಿನ್ನಿಗೆ ನೀವು ಜಾಗ ಬದಲಿಸಿದ್ದು ಗೊತ್ತಿಲ್ಲ, ಅದು V4 ಅಂತಲೇ ಅಚ್ಚು ಹಾಕುತ್ತೆ. ಕಾಗದ ಹರಿಯುವ ಮೊದಲೇ ಪೆನ್ನಿನಲ್ಲಿ ಆ V4 ಹೊಡೆದುಹಾಕಿ V4R ಅಂತ ಬರೆದು ಹೊತ್ತು ಹಾಕಿ. ಬರೆಯದಿದ್ದರೆ ಮುಂದಿನ ಡ್ಯೂಟಿಯವರು ಅದನ್ನು ಎಡಗಡೆಯ ಪಟ್ಟಿ ಅಂದುಕೊಂಡು ಓದ್ತಾರೆ. V4R ನಲ್ಲಿ ಅರ್ಧ ಮಿ.ಮೀ. ಏರಿದ್ದರೂ ಲೆಕ್ಕ. ಇವರದ್ದು ಒಂದು ಮಿ.ಮೀ. ಇತ್ತು. III ರ ಏರಿಕೆ II ಕ್ಕಿಂತ ಹೆಚ್ಚಿದ್ದಾಗಲೇ ಅನುಮಾನ ಬರಬೇಕಿತ್ತು. ಈ ಗುರುತು ಕೆಲವು ಗಂಟೆಯಲ್ಲೇ ಮಾಯ ಆಗಬಹುದು, ಆದ್ದರಿಂದ ವಾರ್ಡಿಗೆ ಹೋದ ಮೇಲೆ ತೆಗೆಯೋಣ ಅನ್ನಬೇಡಿ. ಹಾಸಿಗೆ ಪಕ್ಕದಲ್ಲಿ ನೋಡಬೇಕಾದ್ದು ಮೂರು: ಬಿಪಿ ಕಮ್ಮಿ, ಕುತ್ತಿಗೆಯ ವೇನ್ ಉಬ್ಬಿದೆ, ಆದರೂ ಶ್ವಾಸಕೋಶದಲ್ಲಿ ಗೊರಗೊರ ಇಲ್ಲ. ಹಾಗಂತ V4R ಚೆನ್ನಾಗಿದ್ದ ಮಾತ್ರಕ್ಕೆ ಸಾರ್ಬಿಟ್ರೇಟ್‌ಗೆ ಅನುಮತಿ ಸಿಕ್ಕಂತಲ್ಲ. ಮೇಲಿನ ಬಿಪಿ 90ಕ್ಕಿಂತ ಕೆಳಗೆ, ಅಥವಾ ರೋಗಿಯ ಎಂದಿನ ಬಿಪಿಗಿಂತ 30 ಇಳಿದಿದ್ದರೆ ಯಾವ ಗೋಡೆಯಾದರೂ ಕೊಡಬಾರದು.

ನಾಲಿಗೆ ಕೆಳಗೆ ಉಳಿದಿದ್ದ ಚೂರನ್ನು ಉಗುಳಿಸಿ, ಕಾಲು ಎತ್ತರಿಸಿ, ಡಾಕ್ಟರ್ ಹೇಳಿದಂತೆ ನಾರ್ಮಲ್ ಸಲೈನ್ 250 ಮಿ.ಲೀ. ಬೇಗ ಹರಿಸಿದ್ದಾಯಿತು. ಶ್ವಾಸಕೋಶ ಮತ್ತೆ ಕೇಳಿ ಇನ್ನೊಂದು 250. ಬಿಪಿ 98ಕ್ಕೆ ಬಂತು. ಆಸ್ಪಿರಿನ್ 300 ಮಿ.ಗ್ರಾಂ ಅಗಿಯಲು ಕೊಟ್ಟದ್ದು ಮೊದಲೇ ಆಗಿತ್ತು. ಸ್ಯಾಚುರೇಷನ್ 96 ಇದ್ದದ್ದರಿಂದ ಆಕ್ಸಿಜನ್ ಹಾಕಲಿಲ್ಲ. 90ಕ್ಕಿಂತ ಕೆಳಗಿದ್ದರೆ ಮಾತ್ರ ಅದು ಬೇಕು. ಕ್ಲಾಟ್ ಕರಗಿಸುವ ಟೆನೆಕ್ಟೆಪ್ಲೇಸ್ ಡೋಸ್ ತೂಕದ ಮೇಲೆ: ಇವರು 64 ಕೆ.ಜಿ., 35 ಮಿ.ಗ್ರಾಂ. ಅಂದಾಜಿನಲ್ಲಿ ತೂಕ ಬರೆಯಬೇಡಿ. ಅದೇ ಲೈನಿನಲ್ಲಿ ಡೆಕ್ಸ್‌ಟ್ರೋಸ್ ಓಡಿದ್ದರೆ ಮೊದಲು ಸಲೈನ್‌ನಿಂದ ತೊಳೆಯಿರಿ, ಇಲ್ಲದಿದ್ದರೆ ಔಷಧಿ ಒಡೆದು ಗರಣೆ ಕಟ್ಟುತ್ತೆ. ತೊಂಬತ್ತು ನಿಮಿಷದ ಇಸಿಜಿಯಲ್ಲಿ ಎಸ್‌ಟಿ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಇಳಿಯದಿದ್ದರೆ ಕಾಯದೆ ಕ್ಯಾಥ್ ಲ್ಯಾಬಿಗೆ ಕಳಿಸಬೇಕು.

ರಿಹ್ಯಾಬ್ ಟೀಚಿಂಗನ್ನು ಡಿಸ್ಚಾರ್ಜ್ ದಿನದ ಭಾಷಣ ಅಂದುಕೊಂಡಿದ್ದರೆ ಆ ಪುಟ ಹರಿದುಹಾಕಿ. ಅದು ಮೊದಲ ಬಾರಿ ಮಂಚದ ಅಂಚಿಗೆ ಕೂರಿಸುವಾಗ ಶುರು. ಕೂರಿಸುವ ಮೊದಲು, ಕೂರಿಸಿದ ಮೇಲೆ ನಾಡಿ, ಬಿಪಿ ನೋಡಿ. ನಾಡಿ ಮಲಗಿದ್ದಾಗಿನದಕ್ಕಿಂತ 20ಕ್ಕೂ ಹೆಚ್ಚು ಏರಿದರೆ, ಮೇಲಿನ ಬಿಪಿ 10ಕ್ಕೂ ಹೆಚ್ಚು ಇಳಿದರೆ, ಎದೆ ಹಿಡಿದರೆ, ಉಸಿರು ಸಿಕ್ಕಿಕೊಂಡರೆ ಅಲ್ಲಿಗೇ ನಿಲ್ಲಿಸಿ ಮಲಗಿಸಿ. ಇವರಂಥ ಬಲ ವೆಂಟ್ರಿಕಲ್ ರೋಗಿಗೆ ಎರಡನೆಯದೇ ಹೆಚ್ಚು. ಇದರ ನಂತರ ಕುರ್ಚಿ, ಬಾತ್‌ರೂಮ್, ಕಾರಿಡಾರ್. ಮಲಕ್ಕೆ ಕೂತು ತಿಣುಕಿದರೆ ಹೃದಯಕ್ಕೆ ರಕ್ತ ಬರೋದು ತಡೆಯುತ್ತೆ, ಹಾಗಾಗಿ ಮಲಬದ್ಧತೆಗೆ ಸಿರಪ್ ಬರೆಸಿಕೊಳ್ಳಿ.

ಮನೆಗೆ ಹೋದ ಮೇಲೆ ನಡಿಗೆ ಐದು-ಹತ್ತು ನಿಮಿಷ, ದಿನಕ್ಕೆರಡು ಸಲ, ಸಮತಟ್ಟಿನಲ್ಲಿ, ಊಟವಾಗಿ ಒಂದು ಗಂಟೆಯ ನಂತರ. ನಡೆಯುತ್ತಾ ಮಾತಾಡಲು ಆಗಬೇಕು. ಮಾತು ತುಂಡಾದರೆ ವೇಗ ಜಾಸ್ತಿಯಾಯಿತು ಅಂತ. "ಭಾರ ಎತ್ತಬೇಡಿ" ಅಂದರೆ ಕೃಷಿಕನಿಗೆ ಅರ್ಥ ಆಗಲ್ಲ. ತುಂಬಿದ ಕೊಡ, ಗೊಬ್ಬರದ ಚೀಲ, ಬೆನ್ನಿಗೆ ಹಾಕುವ ಸ್ಪ್ರೇ ಕ್ಯಾನು ಅಂತ ಹೆಸರಿಟ್ಟು ಹೇಳಿ. ಉಪ್ಪು ಕಮ್ಮಿ ಅನ್ನೋದಕ್ಕೂ ಇದೇ ಮಾತು: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ಬೀಡಿ ಬಿಟ್ಟೆ ಅಂದವರು ಎಲೆಅಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ತಿರಬಹುದು, ಕೇಳಿ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಅನ್ನು ಹಲ್ಲು ಕೀಳುವವರು ಹೇಳಿದರೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸೋ ಹಾಗಿಲ್ಲ.

ಸಾರ್ಬಿಟ್ರೇಟ್ ಡಿಸ್ಚಾರ್ಜಿನಲ್ಲಿ ಬರೆದಿದ್ದರೆ ಅದಕ್ಕೇ ಪ್ರತ್ಯೇಕ ಹೊತ್ತು ಕೊಡಿ. ಕೂತು, ಒಂದೇ ಮಾತ್ರೆ, ನಾಲಿಗೆ ಕೆಳಗೆ. ಐದು ನಿಮಿಷದಲ್ಲಿ ನೋವು ಕಮ್ಮಿ ಆಗದಿದ್ದರೆ 108. ನಿಂತುಕೊಂಡು ಹಾಕಿದರೆ ತಲೆಸುತ್ತಿ ಬೀಳ್ತಾರೆ. ಜೇಬಿನಲ್ಲಿದೆ ಅಂತ ಬೇರೆಯವರಿಗೆ ಕೊಡೋ ಹಾಗಿಲ್ಲ, ಕಾರಣ ಇವರಿಗೇ ಗೊತ್ತು. ಹೇಳಿದ್ದನ್ನು ಅವರ ಬಾಯಲ್ಲೇ ಹೇಳಿಸಿ, ಚಾರ್ಟಿನಲ್ಲಿ "ಟೀಚಿಂಗ್ ಕೊಡಲಾಗಿದೆ" ಅಂತ ಬರೆಯೋ ಬದಲು ಹೀಗೆ ಬರೆಯಿರಿ: "ಕೂತು ಒಂದು ಮಾತ್ರೆ, ಐದು ನಿಮಿಷ ನೋಡ್ತೀನಿ, ಹೋಗದಿದ್ರೆ 108 ಅಂತ ರೋಗಿ ಹೇಳಿದರು. ಮಾತ್ರೆ ಎಲ್ಲಿ ಇಡ್ತೀರಿ ಅಂದಾಗ ಹೆಂಡತಿ ಉತ್ತರಿಸಿದರು. ರೋಗಿಗೆ ನಾಳೆ ಮತ್ತೆ ಕೇಳಬೇಕು."