ಫೋಟೊದಲ್ಲಿ ಕಂಡ ಬಿಳಿ ಹೊಳಪು

ಪತ್ರ: "ನನ್ನ ಮೊಮ್ಮಗನಿಗೆ ಒಂದೂವರೆ ವರ್ಷ. ರಾತ್ರಿ ಮೊಬೈಲಿನಲ್ಲಿ ತೆಗೆದ ಮೂರ್ನಾಲ್ಕು ಫೋಟೊಗಳಲ್ಲಿ ಎಡಗಣ್ಣಿನ ನಡುವೆ ಬಿಳಿ ಹೊಳಪು ಕಾಣುತ್ತದೆ. ಬಲಗಣ್ಣು ಕೆಂಪಗೆ ಕಾಣುತ್ತದೆ. ಮಗು ಚೆನ್ನಾಗಿ ಆಡುತ್ತಾನೆ, ಎಲ್ಲ ನೋಡುತ್ತಾನೆ. ಬೆಕ್ಕಿನ ಕಣ್ಣು, ಏನಾಗಲ್ಲ ಅಂತಾರೆ ಮನೆಯವರು. ಎರಡು ವರ್ಷ ತುಂಬಿದ ಮೇಲೆ ತೋರಿಸಿದರೆ ಸಾಕಾ?" — ಒಬ್ಬ ಅಜ್ಜಿ, ಹಾವೇರಿ

ಬೇಡಮ್ಮ, ಕಾಯಬೇಡಿ. ಈ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಆ ಫೋಟೊಗಳನ್ನು ಅಳಿಸಬೇಡಿ, ಜೊತೆಗೆ ಒಯ್ಯಿರಿ.

ಫ್ಲಾಶ್ ಬೆಳಕು ಪಾಪೆಯ ಮೂಲಕ ಒಳಗೆ ಹೋಗಿ ಕಣ್ಣಿನ ಹಿಂದಿನ ಪರದೆಯಾದ ರೆಟಿನಾಕ್ಕೆ ಬಡಿದು ವಾಪಸ್ ಬರುತ್ತದೆ. ಅಲ್ಲಿ ರಕ್ತ ತುಂಬಿರುವುದರಿಂದ ಕೆಂಪಗೆ ಕಾಣುವುದು ಸಹಜ. ಬಿಳಿ ಕಂಡರೆ ದಾರಿಯಲ್ಲಿ ಏನೋ ಇರಬಹುದು. ಮಗು ಸ್ವಲ್ಪ ಪಕ್ಕಕ್ಕೆ ನೋಡುವಾಗ ಬೆಳಕು ಕಣ್ಣಿನ ನರದ ತುದಿಗೆ ಬಿದ್ದರೂ ಹೀಗಾಗಬಹುದು, ಅದರಲ್ಲಿ ತೊಂದರೆಯಿಲ್ಲ. ಆದರೆ ಹಾಗಾಗುವುದು ಎಲ್ಲೋ ಒಂದು ಫೋಟೊದಲ್ಲಿ. ಒಂದೇ ಕಣ್ಣು ಮತ್ತೆ ಮತ್ತೆ ಬಿಳಿಯಾದರೆ ಸುಮ್ನೆ ಬಿಡುವಂತಿಲ್ಲ. ಅದು ಹುಟ್ಟಿನಿಂದ ಬಂದ ಪೊರೆ ಇರಬಹುದು, ರೆಟಿನಾದ ಬೇರೆ ಕಾಯಿಲೆ ಇರಬಹುದು. ರೆಟಿನೊಬ್ಲಾಸ್ಟೊಮಾ, ಅಂದರೆ ರೆಟಿನಾದಲ್ಲಿ ಬೆಳೆಯುವ ಕ್ಯಾನ್ಸರ್ ಗೆಡ್ಡೆಯೂ ಇರಬಹುದು. ಪೊರೆಯೇ ಆಗಿದ್ದರೂ ಈ ವಯಸ್ಸಿನಲ್ಲಿ ತಡಮಾಡಿದರೆ ಆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ.

ಈ ಗೆಡ್ಡೆ ಅಪರೂಪ. ಸುಮಾರು 15,000ದಿಂದ 20,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ, ಹೆಚ್ಚಾಗಿ ಐದು ವರ್ಷದೊಳಗೆ. ಹಾಗಾಗಿ ಊರಿನ ಡಾಕ್ಟರು ಒಂದು ಕೇಸನ್ನೂ ನೋಡಿರದೆ ಇರಬಹುದು. ಬರೀ ಟಾರ್ಚ್ ಬಿಟ್ಟು "ಸರಿಯಿದೆ" ಎಂದರೆ ಅಷ್ಟಕ್ಕೆ ನಿಲ್ಲಿಸಬೇಡಿ. "ಎರಡೂ ಕಣ್ಣಿಗೆ ಡ್ರಾಪ್ಸ್ ಹಾಕಿ ರೆಟಿನಾ ನೋಡಿ" ಎಂದು ಬಾಯಿಬಿಟ್ಟು ಕೇಳಿ.

ಎರಡೂ ಕಣ್ಣು ಎಂದು ಒತ್ತಿ ಹೇಳಲು ಕಾರಣವಿದೆ. ಮಗು ಚೆನ್ನಾಗಿ ಆಡುತ್ತಿರುವುದು ಬಲಗಣ್ಣಿನ ಬಲದಿಂದ ಇರಬಹುದು. ಆಟವಾಡಿಸುತ್ತಾ ಮೊದಲು ಎಡಗಣ್ಣನ್ನು, ಆಮೇಲೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿ. ಎಡಗಣ್ಣು ಮುಚ್ಚಿದಾಗ ಸುಮ್ಮನಿದ್ದು, ಬಲಗಣ್ಣು ಮುಚ್ಚಿದಾಗ ಮಾತ್ರ ಕೈ ತಳ್ಳಿ ಅತ್ತರೆ ಎಡಗಣ್ಣಿನ ದೃಷ್ಟಿ ಕಡಿಮೆಯಿದೆ ಎಂಬ ಸೂಚನೆ. ಅಳದಿದ್ದರೂ ಡಾಕ್ಟರ ಹತ್ತಿರ ಹೋಗುವುದು ತಪ್ಪಬಾರದು.

ಬಿಳಿ ಹೊಳಪು ಫೋಟೊದಲ್ಲಿ ಬೀಳುವ ಹೊತ್ತಿಗೆ ಆ ಕಣ್ಣಿನ ಗೆಡ್ಡೆ ಸಾಮಾನ್ಯವಾಗಿ ದೊಡ್ಡದಾಗಿರುತ್ತದೆ. ಈ ಮಾತು ಹೇಳಲು ನನಗೂ ಕಷ್ಟವಾಗುತ್ತದೆ. ಆದರೆ ಈ ಗೆಡ್ಡೆ ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಮಗುವಿಗೆ ಎರಡೂ ಕಣ್ಣಿನಲ್ಲಿ ಗೆಡ್ಡೆ ಬರುತ್ತದೆ. ನಿಮ್ಮ ಮೊಮ್ಮಗನಿಗೂ ಹಾಗೇ ಆಗಿದೆ ಎಂದುಕೊಳ್ಳೋಣ. ಎಡಗಣ್ಣಿನಲ್ಲಿ ಗೆಡ್ಡೆ ತುಂಬಿಕೊಂಡಿದೆ. ಬಲಗಣ್ಣಿನಲ್ಲಿ ಎರಡು ಮಿಲಿಮೀಟರಿನ ಚುಕ್ಕೆ, ದೃಷ್ಟಿಯ ನಡುಭಾಗವಾದ ಮ್ಯಾಕ್ಯುಲಾದಿಂದ ದೂರದಲ್ಲಿದೆ. ಅಷ್ಟು ಚಿಕ್ಕದನ್ನು ಅರಿವಳಿಕೆ ಕೊಟ್ಟು ಲೇಸರಿನಿಂದ ಸುಡಬಹುದು ಅಥವಾ ಅತಿ ತಂಪಿನಿಂದ ಸಾಯಿಸಬಹುದು. ಆ ಕಣ್ಣಿನ ನೋಟ ಉಳಿಯುತ್ತದೆ. ಆರು ತಿಂಗಳು ಬಿಟ್ಟು ಹೋದರೆ ಅದೇ ಚುಕ್ಕೆ ಬೆಳೆದು ಮ್ಯಾಕ್ಯುಲಾ ಮುಟ್ಟಿರಬಹುದು, ಚೂರುಗಳು ಉದುರಿ ಕಣ್ಣೊಳಗೆ ತೇಲುತ್ತಿರಬಹುದು. ಆಗ ಗೆಡ್ಡೆ ಕರಗಿದರೂ ಕಳೆದ ನೋಟ ವಾಪಸ್ ಬರುವುದು ಕಷ್ಟ. ಫೋಟೊ ಎಡಗಣ್ಣನ್ನು ತೋರಿಸಿತು, ಆದರೆ ಬೇಗ ಹೋದರೆ ಉಳಿಯುವುದು ಬಲಗಣ್ಣಿನ ನೋಟವೂ ಆಗಿರಬಹುದು.

ಆಸ್ಪತ್ರೆಯಲ್ಲಿ ಮಗುವನ್ನು ಮಲಗಿಸಿ ಎರಡೂ ರೆಟಿನಾವನ್ನು ಅಂಚಿನವರೆಗೂ ನೋಡುತ್ತಾರೆ. ಸ್ಕ್ಯಾನಿನಲ್ಲಿ ಗೆಡ್ಡೆಯೊಳಗೆ ಸುಣ್ಣದ ಕಣಗಳು ಕಾಣಬಹುದು. ಕಣ್ಣಿನ ನರದೊಳಗೆ ಇಳಿದಿದೆಯೇ ಎಂದು ತಿಳಿಯಲು ಎಂಆರ್‌ಐ ಮಾಡುತ್ತಾರೆ. ಬೇರೆ ಗೆಡ್ಡೆಗಳ ಹಾಗೆ ಇದರಲ್ಲಿ ಸೂಜಿ ಹಾಕಿ ಚೂರು ತೆಗೆಯುವುದಿಲ್ಲ, ಕ್ಯಾನ್ಸರ್ ಕಣಗಳು ಹೊರಗೆ ಹರಡಬಹುದು ಅಂತ. ಕಿಮೊ ಬೇಕಾದರೆ ಸಾಮಾನ್ಯವಾಗಿ ಮೂರು ಔಷಧ ಸೇರಿಸಿ, ಮೂರ್ನಾಲ್ಕು ವಾರಕ್ಕೊಮ್ಮೆ, ಆರು ಸುತ್ತು ಕೊಡುತ್ತಾರೆ.

ಕೆಲವು ಮಕ್ಕಳಿಗೆ ಕಣ್ಣು ತೆಗೆಯಲೇಬೇಕು ಎನ್ನುತ್ತಾರೆ. ಮನೆಯವರು ಎದ್ದು ಹೋಗುವುದು ಇಲ್ಲಿಯೇ. ನಾಟಿ ಔಷಧ, ಹರಕೆ, ಇನ್ನೊಂದು ಊರು ಅಂತ ತಿಂಗಳುಗಳು ಕಳೆಯುತ್ತವೆ. ಅಷ್ಟರಲ್ಲಿ ಗೆಡ್ಡೆ ನರದ ಗುಂಟ ಮಿದುಳಿಗೆ ಹೋದರೆ ಜೀವ ಉಳಿಸುವುದು ತುಂಬಾ ಕಷ್ಟ. ಕಣ್ಣೊಳಗೇ ಇರುವಾಗ ಚಿಕಿತ್ಸೆ ಮುಗಿಸಿದ ಮಕ್ಕಳಲ್ಲಿ ಹೆಚ್ಚಿನವರು ಬದುಕುತ್ತಾರೆ. ಇನ್ನೊಂದು ಅಭಿಪ್ರಾಯ ಬೇಕೆನಿಸಿದರೆ ಅದೇ ವಾರ ಕೇಳಿ. ತೆಗೆದ ಜಾಗಕ್ಕೆ ಸುಮಾರು ಆರು ವಾರದ ನಂತರ ಕೃತಕ ಕಣ್ಣು ಕೂರಿಸುತ್ತಾರೆ.

ಹಾವೇರಿಯ ಜಿಲ್ಲಾಸ್ಪತ್ರೆಯಲ್ಲಿ ಕಣ್ಣಿನ ವಿಭಾಗಕ್ಕೆ ಹೋಗಿ, ಅನುಮಾನವಿದ್ದರೆ ಅಂದೇ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಬೆಂಗಳೂರಿನಲ್ಲಿ ಮಿಂಟೊ ಸರ್ಕಾರಿ ಕಣ್ಣಿನ ಆಸ್ಪತ್ರೆ ಇದೆ. ಗೆಡ್ಡೆಯೇ ಎಂದು ಖಚಿತವಾದರೆ ಅಣ್ಣತಮ್ಮ, ಅಕ್ಕತಂಗಿಯರ ಕಣ್ಣನ್ನೂ ತೋರಿಸಬೇಕು. ಆರ್‌ಬಿ1 ಎಂಬ ಜೀನಿನ ದೋಷದಿಂದ ಈ ಗೆಡ್ಡೆ ಬರುತ್ತದೆ. ಆ ದೋಷ ಕೆಲವು ಮನೆಗಳಲ್ಲಿ ತಂದೆ ಅಥವಾ ತಾಯಿಯಿಂದ ಬಂದಿರುತ್ತದೆ, ಹಲವು ಸಲ ಆ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ಗ್ರಹಣಕ್ಕೂ ಸೊಸೆ ಬಸಿರಿನಲ್ಲಿ ತಿಂದದ್ದಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ಯಾರಾದರೂ ಅವಳನ್ನು ಅಂದರೆ ಇದನ್ನು ಓದಿ ಹೇಳಿ.

— ಸಂಪಾದಕರು