ಬೋರ್ಡಿನ ಮೇಲೆ ಅಜ್ಜನ ಹೆಸರು: ಒಂದು ಆಪ್ತಸಲಹೆ ಪ್ರಕರಣ

ಹುಬ್ಬಳ್ಳಿಯ ಒಂದು ಮನೆತನ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಎಪ್ಪತ್ತು ದಾಟಿದ ಆಯಿ, ಮಗ, ಸೊಸೆ, ದುಡಿಯುವ ವಯಸ್ಸಿಗೆ ಬಂದ ಇಬ್ಬರು ಮೊಮ್ಮಕ್ಕಳು. ಹೊಸ ಚಹಾ ಅಂಗಡಿಗೆಂದು ಆಯಿ ತಮ್ಮ ಪಾಟ್ಲಿ ಒತ್ತಿ ಇಟ್ಟು ರೊಕ್ಕ ಕೊಟ್ಟಿದ್ದರು. ಜಾಗ ಸಿಕ್ಕಿತು, ಒಲೆ, ಕಿಟ್ಲಿ, ಗ್ಲಾಸು ಎಲ್ಲ ಬಂದವು. ಬೋರ್ಡು ಬರೆಯಲು ಪೇಂಟರ್ ಬಂದ ದಿನ ಜಗಳ ಹತ್ತಿತು. ಆಯಿಗೆ ತೀರಿಹೋದ ಗಂಡನ ಹೆಸರೇ ಬೇಕು. ಮೊಮ್ಮಗನಿಗೆ ‘ಚಾಯ್ ಅಡ್ಡಾ’, ಅದೂ ಬರೀ ಇಂಗ್ಲಿಷ್ ಅಕ್ಷರದಾಗ. ಮೊಮ್ಮಗಳದು ಒಂದೇ ಮಾತು: “ಏನರ ಬರೀರಿ, ಅಜ್ಜನ ಹೆಸರು ಮಾತ್ರ ಬ್ಯಾಡ.”

ಸೊಸೆ ಅವರನ್ನೆಲ್ಲ ನನ್ನ ಹತ್ತಿರ ಕರೆತಂದದ್ದು ಹೆಸರಿನ ಸಲುವಾಗಿ ಅಲ್ಲ, ಆಯಿ ರಾತ್ರಿ ಊಟ ಬಿಟ್ಟಿದ್ದಕ್ಕೆ. ನಾನು ಮೊದಲು ಕೇಳಿದ್ದು ಗುಳಿಗೆಯ ಬಗ್ಗೆ. ಆಯಿಗೆ ಸಕ್ಕರೆ ಕಾಯಿಲೆ ಇತ್ತು. ಊಟ ಬಿಟ್ಟರೂ ಗುಳಿಗೆ ಬಿಟ್ಟಿರಲಿಲ್ಲ. ಕೆಲವು ಗುಳಿಗೆ ನುಂಗಿ ಉಪವಾಸ ಇದ್ದರೆ ರಕ್ತದ ಸಕ್ಕರೆ ಥಟ್ಟನೆ ಇಳಿದು ಬೆವರು, ನಡುಕ, ತಲೆಸುತ್ತು ಬರುತ್ತದೆ, ಎಚ್ಚರವೂ ತಪ್ಪಬಹುದು. ಹಟದ ಮಾತು ಆಮೇಲೆ, ಇವತ್ತೇ ಡಾಕ್ಟರಿಗೆ ತೋರಿಸಿ ಎಂದು ಕಳಿಸಿದೆ.

ಮುಂದಿನ ಭೇಟಿಯಲ್ಲಿ ಜಗಳವಾಡಿದ ಮೂವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಮಾತಾಡಿಸಿದೆ. ಎಲ್ಲರೂ ಎದುರಿಗಿದ್ದಾಗ ಪ್ರತಿಯೊಬ್ಬರೂ ತಮ್ಮ ಹೆಸರನ್ನೇ ಸಮರ್ಥಿಸುತ್ತಾರೆ, ಅದರ ಹಿಂದಿನ ಅಂಜಿಕೆ ಹೊರಗೆ ಬರುವುದಿಲ್ಲ. ಹೀಗಾಗಿ ನನ್ನ ಪ್ರಶ್ನೆ ಒಂದೇ ಇತ್ತು: “ನಿಮಗೆ ಬ್ಯಾಡಾದ ಹೆಸರೇ ಬೋರ್ಡಿಗೆ ಬಂತು ಅಂತ ತಿಳೀರಿ. ಮರುದಿನ ಅಂಗಡ್ಯಾಗ ಏನಾಗತದ?”

ಮೊಮ್ಮಗಳು ತಡಮಾಡದೆ ಹೇಳಿದಳು: “ಅಜ್ಜನ ಹೆಸರು ನೋಡಿ ಉದ್ರಿ ಕೇಳವ್ರು ಬರ್ತಾರ್ರೀ.” ಆಗ ಹಳೆಯದೆಲ್ಲ ಹೊರಬಿತ್ತು. ಅಜ್ಜನ ಚಹಾ ಅಂಗಡಿ ಒಂದು ಬಟ್ಟೆ ಗಿರಣಿಯ ಗೇಟಿನ ಎದುರಿಗಿತ್ತು. ಕಾರ್ಮಿಕರೆಲ್ಲ ತಿಂಗಳಿಡೀ ಬರೆಸಿ ಕುಡಿದು, ಪಗಾರ ಆದ ದಿನ ಕೊಡುತ್ತಿದ್ದರು. ಗಿರಣಿ ಮುಚ್ಚಿತು, ಪಗಾರ ನಿಂತಿತು, ಉದ್ರಿ ವಹಿ ಹಾಗೇ ಉಳಿಯಿತು. ಹಾಲಿನವನಿಗೂ ಕಿರಾಣಿಯವನಿಗೂ ಕೊಡಬೇಕಾದದ್ದನ್ನು ತೀರಿಸಲು ಇವಳ ಅಪ್ಪ ಸಾಲಿ ಬಿಟ್ಟು ದುಡಿಯಲು ಹೋಗಿದ್ದ.

ಆಯಿ ಹೇಳಿದ್ದೂ ಅದೇ ಉದ್ರಿಯ ಕತೆ, ಇನ್ನೊಂದು ಕಡೆಯಿಂದ: “ಅವ್ರು ಯಾರಿಗೂ ಮೋಸ ಮಾಡಿದವ್ರಲ್ರೀ. ಸಾಲಗಾರ ಅಂತ ಹೆಸರು ಉಳೀತು. ಒಮ್ಮೆ ಚಂದಂಗಿ ಬೋರ್ಡಿನ ಮ್ಯಾಲ ಬರಲಿ ಅಂತೀನಿ.” ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದರು: “ಪಾಟ್ಲಿ ತಗೊಂಡ್ರು, ಹೆಸರು ಏನಿಡೂಣು ಅಂತ ಮಾತ್ರ ಯಾರೂ ಕೇಳಲಿಲ್ಲ.”

ಮೊಮ್ಮಗನ ಭಾಗ ಸಣ್ಣದು. ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ಆಗಿದೆ ಎಂದದ್ದೇ ಇಂಗ್ಲಿಷ್ ಆಸೆ ಬಿಟ್ಟ. ಅವನಿಗೆ ಬೇಕಾದದ್ದು ಕಾಲೇಜು ಹುಡುಗರು ಬಂದು ಕೂರುವಂಥ ಜಾಗ.

ಎಲ್ಲರನ್ನೂ ಒಟ್ಟಿಗೆ ಕೂರಿಸಿದಾಗ ಆಯಿಯ ಬಲಕ್ಕೆ ಮೊಮ್ಮಗಳನ್ನು ಕೂರಿಸಿದೆ. ಆಯಿಗೆ ಎಡಗಿವಿ ಮಂದ. ಕೇಳಲೆಂದು ಹುಡುಗರು ದನಿ ಏರಿಸಿದ್ದನ್ನು ಅವರು ಬೈಗುಳ ಎಂದೇ ತಿಳಿದಿದ್ದರು. ಯಾವ ಹೆಸರನ್ನೂ ಎತ್ತಬಾರದು, ಎದುರಿನವರ ಚಿಂತೆಯನ್ನು ನೀವು ಹೇಳಬೇಕು, ಅವರು “ಹೂಂ, ಇದನ್ನ ಹೇಳಿದ್ದೆ” ಅನ್ನುವ ತನಕ ಬಿಡಬಾರದು ಎಂದೆ. ಮೊಮ್ಮಗಳು ಎರಡು ಸಲ ತಪ್ಪಿದಳು. ಮೂರನೇ ಸಲ “ಅಜ್ಜಗ ಸಾಲಗಾರ ಅನ್ನೂದು ನಿನಗ ತಡ್ಕೊಳ್ಳಾಕ ಆಗವಲ್ದು, ಹೌದಲ್ಲ ಆಯಿ?” ಎಂದಾಗ ಆಯಿ ಅವಳ ಕೈ ಹಿಡಿದರು.

ಕೈ ಎತ್ತಿಸಿ ಹೆಸರು ಆರಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ. ಎಣಿಕೆಯಲ್ಲಿ ಆಯಿ ಸೋಲುತ್ತಾರೆ, ಸೋತವರು ಮತ್ತೆ ಊಟ ಬಿಡುತ್ತಾರೆ. ಹೆಸರಿಗಿಂತ ಮೊದಲು ಎರಡು ವಿಷಯ ತೀರ್ಮಾನವಾಗಲಿ ಎಂದೆ. ಒಂದು, ಒತ್ತಿ ಸಾಲದ ಬಡ್ಡಿ ಯಾರು ಕಟ್ಟಬೇಕು, ಪಾಟ್ಲಿ ಯಾವಾಗ ಬಿಡಿಸಬೇಕು ಎಂಬುದನ್ನು ಬರೆದು ಎಲ್ಲರೂ ಸಹಿ ಮಾಡುವುದು. ಇನ್ನೊಂದು, ಉದ್ರಿ ಕೊಡುವುದೋ ಬಿಡುವುದೋ, ಗಲ್ಲಾದ ಮೇಲೆ ಯಾರು ಕೂರುವುದು. ಗಲ್ಲಾ ಮೊಮ್ಮಗಳಿಗೆ ಹೋಯಿತು, ಉದ್ರಿ ಬಂದ್ ಆಯಿತು. ಆಮೇಲೆ ಅಜ್ಜನ ಹೆಸರಿಗೆ ಅವಳದು ತಕರಾರೇ ಉಳಿಯಲಿಲ್ಲ. ಅಜ್ಜನ ಹೆಸರಿನ ಮುಂದೆ ‘ಚಾ ಕಟ್ಟಿ’ ಅಂತ ಸೇರಿಸೋಣು ಎಂದು ಮೊಮ್ಮಗ ಕೇಳಿದ, ಆಯಿ ಒಪ್ಪಿದರು. ಕೆಳಗೆ ‘ಇಂದು ನಗದು, ನಾಳೆ ಉದ್ರಿ’ ಎಂದು ಬರೆಸಿದ್ದು ಆಯಿಯೇ.

ಮಗ ಮಾತ್ರ ಇದ್ದಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ. ಸಾಲಿ ಬಿಟ್ಟವನು ಅವನು, ಅಪ್ಪನ ಹೆಸರಿನ ಬಗ್ಗೆ ಅವನನ್ನು ಯಾರೂ ಕೇಳಿರಲಿಲ್ಲ. ಮುಂದಿನ ವಾರ ಒಬ್ಬನೇ ಬಾ ಎಂದು ಹೇಳಿ ಕಳಿಸಿದ್ದೇನೆ.